ಕಾಂತ ಕನ್ನಡಿಯಲ್ಲಿ ಎಲೆಕ್ಟ್ರಾನ್ ಕೂಡಿಹಾಕುವುದು ಹೇಗೆ: ಕೈಲೆಕ್ಕದಿಂದ ಕೋಡ್‌ವರೆಗೆ

ಕಲಬುರಗಿಯಲ್ಲಿ ನಾನು ಎಂ.ಎಸ್ಸಿ. ಹುಡುಗರಿಗೆ ಪ್ಲಾಸ್ಮಾ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಒಂದು ಸಲ ಸೇಡಂ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. “ಸರ್, ಎಲೆಕ್ಟ್ರಾನ್ ಹೊಳ್ಳಿ ಬರವಲ್ದ್ರಿ. ಎರಡೂ ಕಡೆ ಫೀಲ್ಡ್ ಜೋರ್ ಮಾಡೀನ್ರಿ, ಆದ್ರೂ ಸೀದಾ ಹೊರಗ ಹೊಂಟದ” ಅಂದ.

ಅವನ ಲೆಕ್ಕ ಹೀಗಿತ್ತು. ನಡುವೆ ಕಾಂತಕ್ಷೇತ್ರ 0.01 ಟೆಸ್ಲಾ. ಎರಡೂ ಕಡೆ 30 ಸೆಂ.ಮೀ. ದೂರದಲ್ಲಿ ಅದು 0.04 ಟೆಸ್ಲಾಗೆ ಏರುತ್ತದೆ. ನಡುವಿನಿಂದ 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನನ್ನು 45 ಡಿಗ್ರಿ ಓರೆಯಾಗಿ ಬಿಟ್ಟಿದ್ದ. ಪುಸ್ತಕದ ಪ್ರಕಾರ ಅದು ದಾರಿಯಲ್ಲೇ ನಿಂತು ವಾಪಸ್ ಬರಬೇಕು, ಕಾಂತ ಕನ್ನಡಿ ಅನ್ನುವುದು ಇದಕ್ಕೇ. ಇವನ ಎಲೆಕ್ಟ್ರಾನ್ ಮಾತ್ರ 71.5 ನ್ಯಾನೋಸೆಕೆಂಡಿಗೆ ಸರಿಯಾಗಿ ತುದಿ ದಾಟಿ ಹೋಗಿತ್ತು. ಗ್ರಾಫ್ ನೋಡಿದೆ. ಕಾಲದ ಎದುರು ದೂರ ಎಳೆದರೆ ಗೆರೆ ಸ್ಕೇಲ್ ಇಟ್ಟು ಗೀಚಿದಷ್ಟು ನೇರ. ಅಷ್ಟು ಸಾಕಿತ್ತು, ತಪ್ಪು ಎಲ್ಲಿದೆ ಅಂತ ಗೊತ್ತಾಯಿತು.

ಆ ತಪ್ಪು ಎಲ್ಲರೂ ಮಾಡುವಂಥದ್ದು. ಅದಕ್ಕೇ ಅವನ ಅದೇ ಅಂಕಿಗಳನ್ನು ಇಟ್ಟುಕೊಂಡು, ಮೊದಲಿನಿಂದ ಒಂದೊಂದೇ ಹೆಜ್ಜೆಯಾಗಿ ಮಾಡೋಣ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು.

ಹೆಜ್ಜೆ 1: ಕ್ಷೇತ್ರವನ್ನು ಪೂರ್ತಿ ಬರೆಯಿರಿ

ಹುಡುಗ ಬರೆದಿದ್ದು ಇಷ್ಟೇ:

```
Bz = B0*(1 + z**2/L2)
Bx = 0
By = 0
```

ಇಲ್ಲಿ `L2` ಅಂದರೆ ಒಂದು ಉದ್ದದ ವರ್ಗ. 30 ಸೆಂ.ಮೀ.ನಲ್ಲಿ ಕ್ಷೇತ್ರ ನಾಲ್ಕು ಪಟ್ಟು ಆಗಬೇಕಾದರೆ `L2 = 0.03` ಚದರ ಮೀಟರ್, ಅಂದರೆ `L` ಸುಮಾರು 17.3 ಸೆಂ.ಮೀ.

ನೋಡಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಆದರೆ ಇಂಥ ಕಾಂತಕ್ಷೇತ್ರ ಲೋಕದಲ್ಲಿ ಇರಲು ಸಾಧ್ಯವೇ ಇಲ್ಲ. ಕಾಂತ ರೇಖೆಗಳು ಎಲ್ಲೂ ಹುಟ್ಟುವುದಿಲ್ಲ, ಎಲ್ಲೂ ಸಾಯುವುದಿಲ್ಲ. ಕ್ಷೇತ್ರ ಜೋರಾಗುವುದು ಅಂದರೆ ರೇಖೆಗಳು ಒತ್ತೊತ್ತಾಗುವುದು. ಒತ್ತಾಗಬೇಕಾದರೆ ಅವು ಅಕ್ಷದ ಕಡೆಗೆ ಬಾಗಲೇಬೇಕು, ಲಾಳಿಕೆಯ ಗೋಡೆ ಬಾಯಿಯಿಂದ ಕೊಳವೆಗೆ ಇಳಿದ ಹಾಗೆ. ಬಾಗಿದ ರೇಖೆಗೆ ಅಡ್ಡಡ್ಡ ಒಂದು ಪಾಲು ಇದ್ದೇ ಇರುತ್ತದೆ. ಹುಡುಗ ಆ ಪಾಲನ್ನು ಸೊನ್ನೆ ಮಾಡಿದ್ದ. ಅಂದರೆ ತನಗೆ ಗೊತ್ತಿಲ್ಲದೆ ಜಾಗದ ತುಂಬ ಒಂಟಿ ಕಾಂತ ಧ್ರುವಗಳನ್ನು ಬಿತ್ತಿದ್ದ.

ಸರಿಯಾದ ರೂಪ ಇದು:

```
Bx = -B0*x*z/L2
By = -B0*y*z/L2
Bz =  B0*(1 + (z**2 - (x**2 + y**2)/2)/L2)
```

ಕೈಯಲ್ಲೇ ಪರೀಕ್ಷೆ ಮಾಡಿ. `Bx` ಅನ್ನು `x` ಪ್ರಕಾರ ಅವಕಲಿಸಿದರೆ `-B0*z/L2`. `By` ಅನ್ನು `y` ಪ್ರಕಾರ ಅವಕಲಿಸಿದರೂ ಅಷ್ಟೇ. `Bz` ಅನ್ನು `z` ಪ್ರಕಾರ ಅವಕಲಿಸಿದರೆ `+2*B0*z/L2`. ಮೂರೂ ಕೂಡಿಸಿದರೆ ಸೊನ್ನೆ. ಒಳಗಡೆ ತಂತಿ, ಕರೆಂಟು ಏನೂ ಇಲ್ಲದ ಕಾರಣ ಕರ್ಲ್ ಕೂಡ ಸೊನ್ನೆ ಆಗಬೇಕು. `Bz` ಒಳಗಿನ ಆ `-(x² + y²)/2` ತುಂಡು ಬಂದಿರುವುದು ಅದಕ್ಕೋಸ್ಕರ. ಒಂದು ಎಲೆಕ್ಟ್ರಾನಿನ ಓಟಕ್ಕೆ ಅದರಿಂದ ಹೆಚ್ಚೇನೂ ವ್ಯತ್ಯಾಸ ಆಗದು. ಆದರೂ ಆ ಮೈನಸ್ ಚಿಹ್ನೆ ನೆನಪಿರಲಿ, ಕೊನೆಯಲ್ಲಿ ಅದರ ಕಡೆಗೆ ವಾಪಸ್ ಬರುತ್ತೇನೆ.

ಹೆಜ್ಜೆ 2: ತಳ್ಳುವವರು ಯಾರು ಅಂತ ಗುರುತಿಸಿ

ಕಾಂತಬಲ ಯಾವಾಗಲೂ ವೇಗಕ್ಕೂ ಕ್ಷೇತ್ರಕ್ಕೂ ಲಂಬವಾಗಿರುತ್ತದೆ. ಕ್ಷೇತ್ರ ಬರೀ ಅಕ್ಷದ ಗುಂಟ ಇದ್ದರೆ ಬಲವೆಲ್ಲ ಅಡ್ಡಕ್ಕೇ ಇರುತ್ತದೆ. ಅದು ಎಲೆಕ್ಟ್ರಾನನ್ನು ಗಿರಗಿರ ಸುತ್ತಿಸುತ್ತದೆ, ಮುಂದೆ ಹೋಗುವ ವೇಗವನ್ನು ಮುಟ್ಟುವುದೇ ಇಲ್ಲ. ಹುಡುಗನ ಗೆರೆ ನೇರವಾಗಿ ಬಂದದ್ದು ಇದಕ್ಕೇ. ನಾಲ್ಕು ಪಟ್ಟು ಅಲ್ಲ, ನಾನೂರು ಪಟ್ಟು ಮಾಡಿದ್ದರೂ ಅದೇ 71.5 ನ್ಯಾನೋಸೆಕೆಂಡಿಗೆ ಎಲೆಕ್ಟ್ರಾನ್ ಆಚೆ ಹೋಗುತ್ತಿತ್ತು.

ವಾಪಸ್ ತಳ್ಳುವ ಬಲ ಬರುವುದು ಆ ಅಡ್ಡ ಪಾಲಿನಿಂದ. ಎಲೆಕ್ಟ್ರಾನ್ ಅಕ್ಷದ ಸುತ್ತ `r` ತ್ರಿಜ್ಯದಲ್ಲಿ ಸುತ್ತುತ್ತಿದೆ ಅಂದುಕೊಳ್ಳಿ. ಅಲ್ಲಿ ಅಡ್ಡ ಕ್ಷೇತ್ರದ ಅಳತೆ `B0*r*z/L2`. ಸುತ್ತುವ ವೇಗವನ್ನೂ ವಿದ್ಯುದಂಶವನ್ನೂ ಇದಕ್ಕೆ ಗುಣಿಸಿದರೆ ಅಕ್ಷದ ಗುಂಟ ಬಲ ಸಿಗುತ್ತದೆ. `r` ಜಾಗದಲ್ಲಿ `m*v_perp/(e*B)` ಹಾಕಿ ಸರಳ ಮಾಡಿದರೆ ಕೊನೆಗೆ ಉಳಿಯುವುದು ಇದು:

```
F = -mu * dB/dz        mu = m*v_perp**2 / (2*B)
```

ಬಲದ ದಿಕ್ಕು ಯಾವಾಗಲೂ ಕ್ಷೇತ್ರ ಕಡಿಮೆ ಇರುವ ಕಡೆಗೆ, ಅಂದರೆ ನಡುವಿನ ಕಡೆಗೆ. ವಿದ್ಯುದಂಶ ಪ್ಲಸ್ ಆಗಲಿ ಮೈನಸ್ ಆಗಲಿ, ದಿಕ್ಕು ಬದಲಾಗುವುದಿಲ್ಲ. ಮೈನಸ್ ಆದರೆ ಸುತ್ತುವ ದಿಕ್ಕು ತಿರುಗುತ್ತದೆ, ಅದಕ್ಕೆ ಬಲದ ಚಿಹ್ನೆ ಎರಡು ಸಲ ಬದಲಾಗಿ ಮೊದಲಿನಂತೇ ಆಗುತ್ತದೆ.

ಈ `mu` ಅನ್ನುವುದಕ್ಕೆ ಕಾಂತ ಮೊಮೆಂಟ್ ಎನ್ನುತ್ತಾರೆ. ಕ್ಷೇತ್ರ ನಿಧಾನವಾಗಿ ಬದಲಾದರೆ ಅದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನಿಧಾನ ಅಂದರೆ, ಎಲೆಕ್ಟ್ರಾನ್ ಒಂದು ಸುತ್ತು ಹಾಕುವಷ್ಟರಲ್ಲಿ ಅದಕ್ಕೆ ಸಿಗುವ ಕ್ಷೇತ್ರ ತೀರ ಕಡಿಮೆ ಬದಲಾಗಿರಬೇಕು. ಹಾಗಿದ್ದಾಗ ಸುತ್ತಿನ ಒಳಗೆ ಹಾಯುವ ಕಾಂತ ರೇಖೆಗಳ ಲೆಕ್ಕ ಒಂದೇ ಇರುತ್ತದೆ. ಕ್ಷೇತ್ರ ಎರಡು ಪಟ್ಟಾದರೆ ಸುತ್ತಿನ ವಿಸ್ತೀರ್ಣ ಅರ್ಧ ಆಗುತ್ತದೆ.

ಮಿಕ್ಕಿದ್ದು ಕೊಡು-ಕೊಳ್ಳುವ ಲೆಕ್ಕ. ಕಾಂತಕ್ಷೇತ್ರ ಕೆಲಸ ಮಾಡುವುದಿಲ್ಲ, ಹಾಗಾಗಿ ಒಟ್ಟು ವೇಗ ಬದಲಾಗುವ ಹಾಗಿಲ್ಲ. `B` ಏರಿದಾಗ `mu` ಉಳಿಯಬೇಕಾದರೆ ಸುತ್ತುವ ವೇಗ ಏರಬೇಕು. ಅದು ಏರಿದಷ್ಟೂ ಮುಂದಿನ ಓಟಕ್ಕೆ ಉಳಿಯುವುದು ಕಡಿಮೆ. ಒಂದು ಜಾಗದಲ್ಲಿ ವೇಗ ಪೂರ್ತಿ ಸುತ್ತುವುದಕ್ಕೇ ಖರ್ಚಾಗುತ್ತದೆ, ಎಲೆಕ್ಟ್ರಾನ್ ಅಲ್ಲಿಂದ ತಿರುಗುತ್ತದೆ. ಕನ್ನಡಿ ಅಂದರೂ ಇದು ಗೋಡೆಗೆ ಬಡಿದು ಪುಟಿಯುವ ಚೆಂಡಿನಂತಲ್ಲ. ಪಂಚಮಿ ಜೋಕಾಲಿ ಮೇಲೆ ಹೋಗಿ ಒಂದು ಗಳಿಗೆ ನಿಂತು ಇಳಿಯುತ್ತದಲ್ಲ, ಆ ತರಹ.

ಹೆಜ್ಜೆ 3: ಕಂಪ್ಯೂಟರ್ ಮುಟ್ಟುವ ಮೊದಲು ಉತ್ತರ ಬರೆದಿಡಿ

ಇದನ್ನು ಹುಡುಗರು ಬಿಟ್ಟುಬಿಡುತ್ತಾರೆ. ಉತ್ತರ ಮೊದಲೇ ಕಾಗದದ ಮೇಲೆ ಇದ್ದರೆ ಪ್ರೋಗ್ರಾಮ್ ಸುಳ್ಳು ಹೇಳಿದಾಗ ಸಿಕ್ಕಿಬೀಳುತ್ತದೆ.

100 ಎಲೆಕ್ಟ್ರಾನ್ ವೋಲ್ಟ್ ಅಂದರೆ ವೇಗ ಸೆಕೆಂಡಿಗೆ 5.93 × 10⁶ ಮೀಟರ್. 45 ಡಿಗ್ರಿಯಲ್ಲಿ ಅದರ ಎರಡೂ ಪಾಲು ಸಮ: ಮುಂದಕ್ಕೆ 4.19 × 10⁶, ಸುತ್ತಲಿಕ್ಕೆ 4.19 × 10⁶. ನಡುವೆ ಒಂದು ಸುತ್ತಿಗೆ 3.57 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಸುತ್ತಿನ ತ್ರಿಜ್ಯ 2.38 ಮಿ.ಮೀ. ಕ್ಷೇತ್ರ ಬದಲಾಗುವ ಅಳತೆ 17.3 ಸೆಂ.ಮೀ. ಇದರ ಎದುರು ಸುತ್ತು ತುಂಬ ಸಣ್ಣದು, ಹಾಗಾಗಿ `mu` ನಂಬಬಹುದು.

ತಿರುಗುವ ಜಾಗ ಹುಡುಕುವುದು ಸುಲಭ. ವೇಗವೆಲ್ಲ ಸುತ್ತುವುದಕ್ಕೇ ಹೋದಾಗ ಕ್ಷೇತ್ರ `B0/sin²α` ಆಗಿರಬೇಕು. ಇಲ್ಲಿ `α` ಅಂದರೆ ನಡುವಿನಲ್ಲಿ ವೇಗಕ್ಕೂ ಅಕ್ಷಕ್ಕೂ ಇರುವ ಕೋನ, ಪಿಚ್ ಕೋನ ಅನ್ನುತ್ತಾರೆ. ನಮ್ಮ ಕ್ಷೇತ್ರದ ಸೂತ್ರದಲ್ಲಿ ಇದನ್ನು ಇಟ್ಟರೆ ಚೆಂದದ ಉತ್ತರ ಬರುತ್ತದೆ:

```
z_turn = L * cot(alpha)
```

45 ಡಿಗ್ರಿಗೆ 17.3 ಸೆಂ.ಮೀ. 60 ಡಿಗ್ರಿಗೆ ಸರಿಯಾಗಿ 10 ಸೆಂ.ಮೀ. 31 ಡಿಗ್ರಿಗೆ 28.8 ಸೆಂ.ಮೀ., ಅಂದರೆ ಬಾಗಿಲ ಹತ್ತಿರ ಹೋಗಿ ವಾಪಸ್. 29 ಡಿಗ್ರಿಗೆ 31.2 ಸೆಂ.ಮೀ. ಬರುತ್ತದೆ, ಆದರೆ ನಮ್ಮ ಪೆಟ್ಟಿಗೆ 30ಕ್ಕೇ ಮುಗಿಯಿತು. ಆ ಎಲೆಕ್ಟ್ರಾನ್ ಹೋಯಿತು.

ಗಡಿ 30 ಡಿಗ್ರಿ. ತುದಿಯ ಕ್ಷೇತ್ರವನ್ನು ನಡುವಿನ ಕ್ಷೇತ್ರದಿಂದ ಭಾಗಿಸಿದರೆ ಬರುವುದು ಕನ್ನಡಿ ಅನುಪಾತ, ನಮ್ಮಲ್ಲಿ 4. ಗಡಿ ಕೋನದ ಸೈನ್ ವರ್ಗ ಅಂದರೆ ಆ ಅನುಪಾತದ ತಲೆಕೆಳಗು, 1/4. ಅಕ್ಷದ ಸುತ್ತ 30 ಡಿಗ್ರಿ ಒಳಗೆ ಹೊರಟ ಕಣಗಳೆಲ್ಲ ಸೋರಿ ಹೋಗುತ್ತವೆ. ಈ ದಿಕ್ಕುಗಳ ಕಟ್ಟಿಗೆ ಲಾಸ್ ಕೋನ್ ಎಂದು ಹೆಸರು, ನಾನು ಸೋರು ಶಂಕು ಅನ್ನುತ್ತೇನೆ. ಗಮನಿಸಿ, ಇದರಲ್ಲಿ ಕಣದ ತೂಕ ಇಲ್ಲ, ಶಕ್ತಿ ಇಲ್ಲ, ವಿದ್ಯುದಂಶ ಇಲ್ಲ. ಬರೀ ದಿಕ್ಕು.

ಕೊನೆಯದು, ಆಚೆ ಈಚೆ ಹೋಗಿ ಬರುವ ಸಮಯ. ಬಲ ದೂರಕ್ಕೆ ತಕ್ಕಂತೆ ಏರುವುದರಿಂದ ಇದು ಸ್ಪ್ರಿಂಗ್ ಲೆಕ್ಕವೇ. ಸಮಯ `2π*L/(v*sin(alpha))`, ಅಂದರೆ 45 ಡಿಗ್ರಿಗೆ 260 ನ್ಯಾನೋಸೆಕೆಂಡ್. ಮೊದಲ ತಿರುವು ಅದರ ಕಾಲು ಭಾಗದಲ್ಲಿ, 65 ನ್ಯಾನೋಸೆಕೆಂಡಿಗೆ. ಅಷ್ಟರೊಳಗೆ ಎಲೆಕ್ಟ್ರಾನ್ ಸುಮಾರು 27 ಸುತ್ತು ಹಾಕಿರುತ್ತದೆ.

ಹೆಜ್ಜೆ 4: ಓಡಿಸಿ

```python
import numpy as np
q, m = -1.602e-19, 9.109e-31
B0, L2 = 0.01, 0.03
v0, a, dt = 5.931e6, np.radians(45), 5e-11

def B(p):
    x, y, z = p
    return B0*np.array([-x*z/L2, -y*z/L2,
                        1 + (z*z - (x*x + y*y)/2)/L2])

r = m*v0*np.sin(a)/(abs(q)*B0)
p = np.array([r, 0.0, 0.0])
v = v0*np.array([0.0, np.sin(a), np.cos(a)])
Z = []
for n in range(52000):
    p = p + v*dt/2
    t = q*dt/(2*m)*B(p)
    s = 2*t/(1 + t@t)
    v = v + np.cross(v + np.cross(v, t), s)
    p = p + v*dt/2
    Z.append(p[2])
    if abs(p[2]) > 0.3:
        print("out", n*dt)
        break
print(max(Z), np.linalg.norm(v)/v0)
```

52,000 ಹೆಜ್ಜೆ ಅಂದರೆ 2,600 ನ್ಯಾನೋಸೆಕೆಂಡ್, ಹತ್ತು ಸಲ ಹೋಗಿ ಬರುವಷ್ಟು. ನಡುವೆ ಕರೆಂಟ್ ಹೋದರೂ ಚಿಂತೆ ಇಲ್ಲ, ಬ್ಯಾಟರಿ ಮೇಲೆ ಮುಗಿಯುವಷ್ಟು ಸಣ್ಣ ಕೆಲಸ.

ಶುರುವಿನ ಜಾಗ `r` ಯಾಕೆ, ಸೊನ್ನೆ ಯಾಕಲ್ಲ? ಎಲೆಕ್ಟ್ರಾನನ್ನು ಅಕ್ಷದ ಮೇಲೇ ಇಟ್ಟರೆ ಅದು ಸುತ್ತುವ ಕೇಂದ್ರ ಪಕ್ಕಕ್ಕೆ ಸರಿಯುತ್ತದೆ. ಆಗಲೂ ಕನ್ನಡಿ ಕೆಲಸ ಮಾಡುತ್ತದೆ, ಆದರೆ ಆ ಕೇಂದ್ರ ಅಕ್ಷದ ಸುತ್ತ ಮೆಲ್ಲಗೆ ಜಾರಲು ಶುರು ಮಾಡುತ್ತದೆ. ಮೊದಲ ಸಲ ನೋಡುವವರಿಗೆ ಅದು ಗೊಂದಲ. `r` ದೂರದಲ್ಲಿ ಸರಿಯಾದ ದಿಕ್ಕಿಗೆ ಬಿಟ್ಟರೆ ಕೇಂದ್ರ ಅಕ್ಷದ ಮೇಲೇ ಕೂರುತ್ತದೆ. ಪ್ರೋಟಾನ್‌ಗೆ `y` ವೇಗದ ಚಿಹ್ನೆ ತಿರುಗಿಸಬೇಕು, ಮರೀಬೇಡಿ.

ನಡುವಿನ `t`, `s`, `v` ಅನ್ನುವ ಆ ಮೂರು ಸಾಲಿಗೆ ಬೋರಿಸ್ ವಿಧಾನ ಎಂದು ಹೆಸರು. ಅದು ವೇಗದ ಬಾಣವನ್ನು ತಿರುಗಿಸುತ್ತದೆ ಅಷ್ಟೇ, ಉದ್ದ ಬದಲಿಸುವುದಿಲ್ಲ. ಕಾಂತಕ್ಷೇತ್ರ ಮಾಡುವುದೂ ಅದನ್ನೇ. ಇದರ ಬದಲು ಕಾಲೇಜಿನಲ್ಲಿ ಮೊದಲು ಕಲಿತ ಆಯ್ಲರ್ ವಿಧಾನ ಹಾಕಿದರೆ ಪ್ರತಿ ಹೆಜ್ಜೆಗೆ ಸುತ್ತುವ ವೇಗ ಸುಮಾರು 0.4% ಏರುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಚಕ್ರಬಡ್ಡಿ ಅದು. ಸಾವಿರ ಹೆಜ್ಜೆಗೆ ವೇಗ ಹತ್ತಾರು ಪಟ್ಟಾಗಿ ಎಲೆಕ್ಟ್ರಾನ್ ಸುರುಳಿ ಬಿಚ್ಚಿಕೊಂಡು ಎಲ್ಲೋ ಹೋಗಿರುತ್ತದೆ.

ಹೆಜ್ಜೆ 5: ನಂಬುವ ಮೊದಲು ಪರೀಕ್ಷಿಸಿ

ಪ್ರೋಗ್ರಾಮ್ ಕೊಡುವ ಅತಿ ದೊಡ್ಡ `z` 0.173ರ ಆಸುಪಾಸು ಇರಬೇಕು. ವೇಗದ ಅನುಪಾತ 1 ಇರಬೇಕು.

ಇಲ್ಲೊಂದು ಬಲೆ ಇದೆ. ವೇಗ ಬದಲಾಗಿಲ್ಲ ಅಂತ ಸುಮ್ನೆ ಖುಷಿಪಡಬೇಡಿ. ಬೋರಿಸ್ ವಿಧಾನದಲ್ಲಿ ವೇಗ ಯಾವತ್ತೂ ಬದಲಾಗುವುದಿಲ್ಲ, ಲೆಕ್ಕ ಪೂರ್ತಿ ಹಾಳಾಗಿದ್ದರೂ! `dt` ಅನ್ನು 2 ನ್ಯಾನೋಸೆಕೆಂಡ್ ಮಾಡಿ ನೋಡಿ. ಒಂದು ಸುತ್ತಿಗೆ ಎರಡು ಹೆಜ್ಜೆ ಕೂಡ ಪೂರ್ತಿ ಬೀಳುವುದಿಲ್ಲ. ವೇಗ ಮಾತ್ರ ಆಗಲೂ 1 ಅಂತಲೇ ತೋರಿಸುತ್ತದೆ. ನಿಜವಾದ ಸಾಕ್ಷಿ `mu`. ಪ್ರತಿ ಹೆಜ್ಜೆಯಲ್ಲೂ ಅಲ್ಲಿನ ಕ್ಷೇತ್ರದ ದಿಕ್ಕಿಗೆ ಲಂಬವಾದ ವೇಗ ತೆಗೆದು, ಅದರ ವರ್ಗವನ್ನು `B`ಯಿಂದ ಭಾಗಿಸಿ ಗ್ರಾಫ್ ಎಳೆಯಿರಿ. ಗೆರೆ ಸ್ವಲ್ಪ ನಡುಗಿದರೆ ಪರವಾಗಿಲ್ಲ. ಒಂದೇ ಕಡೆಗೆ ಜಾರಿದರೆ, ಇಲ್ಲಾ ನಡುವನ್ನು ದಾಟಿದಾಗಲೆಲ್ಲ ಮೇಲೆ ಕೆಳಗೆ ಹಾರಿದರೆ ಏನೋ ಸರಿ ಇಲ್ಲ. ಆಮೇಲೆ `dt` ಅರ್ಧ ಮಾಡಿ ಮತ್ತೆ ಓಡಿಸಿ. ತಿರುಗುವ ಜಾಗ ಅಲ್ಲೇ ಉಳಿದರೆ ನಿಮ್ಮ `dt` ಸಾಕು.

ಕೋನ 20 ಡಿಗ್ರಿ ಮಾಡಿದರೆ ಎಲೆಕ್ಟ್ರಾನ್ ಸುಮಾರು 58 ನ್ಯಾನೋಸೆಕೆಂಡಿಗೆ ಹೊರಗೆ ಬೀಳಬೇಕು. ತಡೆ ಇಲ್ಲದಿದ್ದರೆ 54ಕ್ಕೇ ಹೋಗುತ್ತಿತ್ತು. ಅಂದರೆ ಕನ್ನಡಿ ಅದನ್ನೂ ಹಿಡಿದೆಳೆದಿದೆ, ಆದರೆ ನಿಲ್ಲಿಸಲು ಆಗಿಲ್ಲ.

ಹೆಜ್ಜೆ 6: ಸಾವಿರ ಎಲೆಕ್ಟ್ರಾನ್ ಬಿಡಿ

ಈಗ ನಡುವಿನಿಂದ ಎಲ್ಲ ದಿಕ್ಕಿಗೂ ಸಮವಾಗಿ ಸಾವಿರ ಎಲೆಕ್ಟ್ರಾನ್ ಬಿಟ್ಟರೆ ಎಷ್ಟು ಉಳಿಯುತ್ತವೆ? ಗಡಿ ಕೋನದ ಕೊಸೈನ್ ಎಷ್ಟೋ ಅಷ್ಟು ಪಾಲು, 0.866. ಸಾವಿರಕ್ಕೆ 866, ಹತ್ತು ಹನ್ನೊಂದು ಆಚೆ ಈಚೆ.

ಪ್ರತಿ ಎಲೆಕ್ಟ್ರಾನಿಗೆ 100 ನ್ಯಾನೋಸೆಕೆಂಡ್ ಸಾಕು. ಗಡಿಯ 30 ಡಿಗ್ರಿ ಎಲೆಕ್ಟ್ರಾನ್ ತುದಿ ಮುಟ್ಟಲು ಸುಮಾರು 92 ನ್ಯಾನೋಸೆಕೆಂಡ್ ತಗೊಳ್ಳುತ್ತದೆ. ಹೋಗುವವೆಲ್ಲ ಅಷ್ಟರೊಳಗೆ ಹೋಗಿಬಿಡುತ್ತವೆ.

ನಮ್ಮ ಹುಡುಗ ಇದನ್ನು ಮಾಡಿದಾಗ 660-670ರ ಆಸುಪಾಸು ಬಂತು. ಮತ್ತೆ ಮುಖ ಬಾಡಿತು. ಕೋಡ್ ಸರಿ ಇತ್ತು, ಬಿತ್ತಿದ ರೀತಿ ತಪ್ಪಿತ್ತು. ಅವನು ಕೋನವನ್ನು 0ಯಿಂದ 180 ಡಿಗ್ರಿವರೆಗೆ ಸಮವಾಗಿ ಆರಿಸಿದ್ದ. ಹಾಗೆ ಮಾಡಿದರೆ 180ರಲ್ಲಿ ನಡುವಿನ 120 ಡಿಗ್ರಿ ಮಾತ್ರ ಉಳಿಯುತ್ತದೆ, ಮೂರರಲ್ಲಿ ಎರಡು ಪಾಲು. ಆದರೆ ಗೋಲದ ಮೇಲೆ ಅಕ್ಷದ ಹತ್ತಿರದ ಪಟ್ಟಿ ಸಣ್ಣದು, ನಡುವಿನ ಪಟ್ಟಿ ಅಗಲ. ಹಾಗಾಗಿ ದಿಕ್ಕು ಸಮವಾಗಿ ಬೇಕಾದರೆ ಕೋನವನ್ನಲ್ಲ, ಕೋನದ ಕೊಸೈನನ್ನು -1ರಿಂದ +1ರವರೆಗೆ ಸಮವಾಗಿ ಆರಿಸಬೇಕು:

```python
a = np.arccos(np.random.uniform(-1, 1))
```

ಇದೊಂದು ಸಾಲು ಬದಲಿಸಿದ ಮೇಲೆ ಅವನಿಗೆ 866ರ ಹತ್ತಿರವೇ ಸಿಕ್ಕಿತು.

ಹೆಜ್ಜೆ 7: ಮುರಿದು ನೋಡಿ

ಸೋರು ಶಂಕುವಿನಲ್ಲಿ ತೂಕಕ್ಕೆ ಜಾಗ ಇಲ್ಲ ಎಂದೆ. ಹಾಗಾದರೆ ಅದೇ 100 ಎಲೆಕ್ಟ್ರಾನ್ ವೋಲ್ಟ್ ಪ್ರೋಟಾನನ್ನೂ ಈ ಕನ್ನಡಿ ಹಿಡಿಯಬೇಕಲ್ವಾ? `q`, `m`, `v0` ಪ್ರೋಟಾನಿನವು ಮಾಡಿ, ಅದು ನಿಧಾನ ಓಡುವುದರಿಂದ `dt` ಅನ್ನು 43 ಪಟ್ಟು ಮಾಡಿ, `z` ಜೊತೆಗೆ `x`, `y` ಕೂಡ ಗಮನಿಸಿ ಓಡಿಸಿ ನೋಡಿ. ಹಿಡಿಯುವುದಿಲ್ಲ.

ಪ್ರೋಟಾನ್ ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ. ಒಂದೇ ಶಕ್ತಿಯಲ್ಲಿ ಸುತ್ತಿನ ತ್ರಿಜ್ಯ ತೂಕದ ವರ್ಗಮೂಲದಂತೆ ಏರುತ್ತದೆ, ಅಂದರೆ ಸುಮಾರು 43 ಪಟ್ಟು. 45 ಡಿಗ್ರಿಯಲ್ಲಿ 2.38 ಮಿ.ಮೀ. ಇದ್ದದ್ದು 10 ಸೆಂ.ಮೀ. ಆಗುತ್ತದೆ. ಕ್ಷೇತ್ರ ಬದಲಾಗುವ ಅಳತೆಯೇ 17 ಸೆಂ.ಮೀ. ಇರುವಾಗ ಒಂದೇ ಸುತ್ತಿನಲ್ಲಿ ಪ್ರೋಟಾನ್ ಅರ್ಧ ಊರು ಸುತ್ತಿ ಬಂದ ಹಾಗೆ. `mu` ಉಳಿಯುವುದಿಲ್ಲ. `mu` ಇಲ್ಲದಿದ್ದರೆ ಶಂಕುವಿನ ಲೆಕ್ಕಕ್ಕೂ ಅರ್ಥ ಇಲ್ಲ. ಪ್ರೋಟಾನ್‌ಗೂ ಅದೇ 2.38 ಮಿ.ಮೀ. ಬೇಕಾದರೆ ಕ್ಷೇತ್ರ 43 ಪಟ್ಟು, ಅಂದರೆ ನಡುವೆಯೇ 0.43 ಟೆಸ್ಲಾ ಬೇಕು.

ಹಾಗಾಗಿ ಕನ್ನಡಿಗೆ ಎರಡು ಪ್ರಶ್ನೆ ಕೇಳಬೇಕು. ಕಣದ ಸುತ್ತು ಸಾಕಷ್ಟು ಸಣ್ಣದಿದೆಯೇ? ಇದ್ದರೆ ಮಾತ್ರ ಎರಡನೇ ಪ್ರಶ್ನೆ, ಅದರ ದಿಕ್ಕು ಶಂಕುವಿನ ಹೊರಗಿದೆಯೇ? ಪರೀಕ್ಷೆಯಲ್ಲಿ ಎಲ್ಲರೂ ಎರಡನೆಯದಕ್ಕೆ ಮಾತ್ರ ಉತ್ತರ ಬರೆಯುತ್ತಾರೆ.

ಹೆಜ್ಜೆ 8: ನಿಜವಾದ ಕಾಯಿಲ್

ಕೋಡ್ ಓಡಿದ ಮೇಲೆ ಹುಡುಗರಿಗೆ ಬರುವ ಮೊದಲ ಆಸೆ ಲ್ಯಾಬಿನ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ತಂದು ಇದನ್ನೇ ಮಾಡೋಣ ಅನ್ನುವುದು. ಎರಡು ಕಾಯಿಲ್ ಇದೆ, ಕಾಯಿಲ್ ಹತ್ತಿರ ಕ್ಷೇತ್ರ ಜಾಸ್ತಿ ಇರಬೇಕು, ಅಷ್ಟೇ ತಾನೇ?

ಇಲ್ಲ. ಹೆಲ್ಮ್‌ಹೋಲ್ಟ್ಸ್ ಜೋಡಿಯಲ್ಲಿ ಕಾಯಿಲ್‌ಗಳ ನಡುವಿನ ದೂರ ಅವುಗಳ ತ್ರಿಜ್ಯದಷ್ಟೇ. ಒಂದು ಕಾಯಿಲ್ ತನ್ನ ನಡುವೆ ಕೊಡುವ ಕ್ಷೇತ್ರವನ್ನು 1 ಅಂದುಕೊಂಡರೆ, ಜೋಡಿಯ ನಡುಮಧ್ಯದಲ್ಲಿ 1.43 ಬರುತ್ತದೆ, ಕಾಯಿಲ್ ಇರುವಲ್ಲಿ 1.35. ನಡುವೆಯೇ ಜಾಸ್ತಿ! ಆ ಜೋಡಿ ಮಾಡಿರುವುದೇ ಕ್ಷೇತ್ರವನ್ನು ಸಮ ಇಡಲಿಕ್ಕೆ. ಕಾಯಿಲ್‌ಗಳನ್ನು ತ್ರಿಜ್ಯದ ಮೂರು ಪಟ್ಟು ದೂರ ಸರಿಸಿ. ಆಗ ತುದಿಯಲ್ಲಿ 1.03, ನಡುವೆ 0.34, ಅನುಪಾತ 3. ಗಡಿ ಕೋನ ಸುಮಾರು 35 ಡಿಗ್ರಿ. ಇನ್ನೂ ದೂರ ಎಳೆದರೆ ಅನುಪಾತ ಏರುತ್ತದೆ, ಆದರೆ ನಡುವಿನ ಕ್ಷೇತ್ರ ಬಿದ್ದುಹೋಗಿ ಸುತ್ತು ದೊಡ್ಡದಾಗುತ್ತದೆ. ಮತ್ತೆ ಹಿಂದಿನ ಹೆಜ್ಜೆಯ ಮೊದಲ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಎರಡೂ ಕಾಯಿಲ್‌ನಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯಬೇಕು. ಒಂದರ ತಂತಿ ಅದಲುಬದಲಾದರೆ ನಡುಮಧ್ಯದಲ್ಲಿ ಕ್ಷೇತ್ರ ಸೊನ್ನೆ ಆಗುತ್ತದೆ. ಸೊನ್ನೆ ಕ್ಷೇತ್ರದಲ್ಲಿ ಸುತ್ತು ಅನ್ನುವುದೇ ಇಲ್ಲ, ಆ ಜಾಗದ ಹತ್ತಿರ ಹಾದ ಎಲೆಕ್ಟ್ರಾನಿನ `mu` ಕಲೆಸಿಹೋಗುತ್ತದೆ. ಒಂದು ಸಣ್ಣ ದಿಕ್ಸೂಚಿಯನ್ನು ಅಕ್ಷದ ಗುಂಟ ನಡೆಸಿದರೆ ಗೊತ್ತಾಗುತ್ತದೆ. ಮುಳ್ಳು ನಡುವೆ ತಿರುಗಿ ನಿಂತರೆ ತಂತಿ ಬದಲಿಸಿ.

ಕರೆಂಟಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. 10 ಸೆಂ.ಮೀ. ತ್ರಿಜ್ಯದ ಕಾಯಿಲ್‌ಗಳನ್ನು 30 ಸೆಂ.ಮೀ. ದೂರ ಇಟ್ಟು ನಡುವೆ 0.01 ಟೆಸ್ಲಾ ಬೇಕಾದರೆ, ಒಂದೊಂದು ಕಾಯಿಲ್‌ಗೂ ಸುತ್ತು ಗುಣಿಸು ಆಂಪಿಯರ್ ಸುಮಾರು 4,700 ಆಗಬೇಕು. 500 ಸುತ್ತು ಇದ್ದರೆ 9 ಆಂಪಿಯರ್‌ಗಿಂತ ಹೆಚ್ಚು. 1.5 ಚದರ ಮಿ.ಮೀ. ತಾಮ್ರದ ತಂತಿಯಾದರೆ ಒಂದು ಕಾಯಿಲ್ 300 ವಾಟ್ ಬಿಸಿ ಕಕ್ಕುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಇದನ್ನು ಬಹಳ ಹೊತ್ತು ಹಚ್ಚಿ ಕೂರಲು ಆಗದು. ಕೆಲವು ಸೆಕೆಂಡ್ ಮಾತ್ರ ಹಚ್ಚಿ, ಆರಿಸಿ, ಮುಟ್ಟಿ ನೋಡಿ.

ಹೆಜ್ಜೆ 9: ಗಾಳಿ ತೆಗೆಯಿರಿ

ಕೋಡ್‌ನಲ್ಲಿ ಎಲೆಕ್ಟ್ರಾನ್ ಎಂದೆಂದಿಗೂ ಆಡುತ್ತಲೇ ಇರುತ್ತದೆ. ಕೊಳವೆಯಲ್ಲಿ ಹಾಗಲ್ಲ. ಒಂದು ಅಣುವಿಗೆ ಡಿಕ್ಕಿ ಹೊಡೆದರೆ ದಿಕ್ಕು ಬದಲಾಗುತ್ತದೆ. ದಿಕ್ಕು ಶಂಕುವಿನೊಳಗೆ ಬಿದ್ದರೆ ಎಲೆಕ್ಟ್ರಾನ್ ಮುಂದಿನ ತುದಿಯಲ್ಲೇ ಆಚೆ ಹೋಗುತ್ತದೆ.

45 ಡಿಗ್ರಿಯ ನಮ್ಮ ಎಲೆಕ್ಟ್ರಾನ್ ಒಂದು ಸಲ ಹೋಗಿ ಬರುವಷ್ಟರಲ್ಲಿ, ಸುರುಳಿಯ ದಾರಿ ಬಿಡಿಸಿ ಅಳೆದರೆ, ಒಂದೂವರೆ ಮೀಟರ್ ಓಡಿರುತ್ತದೆ. ರೋಟರಿ ಪಂಪ್ ಮಾತ್ರ ಹಚ್ಚಿ 10⁻³ ಮಿಲಿಬಾರ್ ಮುಟ್ಟಿದಿರಿ ಅಂದುಕೊಳ್ಳಿ. ಅಲ್ಲಿ 100 ಎಲೆಕ್ಟ್ರಾನ್ ವೋಲ್ಟ್ ಎಲೆಕ್ಟ್ರಾನಿಗೆ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸುಮಾರು ಅರ್ಧ ಮೀಟರ್ ಅಷ್ಟೇ. ಒಂದು ಸಲ ಹೋಗಿ ಬರುವುದರೊಳಗೆ ಮೂರು ಡಿಕ್ಕಿ. ಕನ್ನಡಿ ಇದ್ದೂ ಇಲ್ಲದ ಹಾಗೆ. ಇನ್ನೊಂದು ಪಂಪ್ ಸೇರಿಸಿ 10⁻⁵ಕ್ಕೆ ಇಳಿಸಿದರೆ ಆ ದೂರ ನೂರು ಪಟ್ಟಾಗುತ್ತದೆ. ಆಗ ಇಪ್ಪತ್ತು ಮೂವತ್ತು ಸಲ ನಿರಾಳವಾಗಿ ಓಡಾಡುತ್ತದೆ.

ಗಾಳಿ ಪೂರ್ತಿ ತೆಗೆದರೂ ಎಲೆಕ್ಟ್ರಾನ್ ಮತ್ತು ಅಯಾನುಗಳು ತಮ್ಮ ತಮ್ಮಲ್ಲೇ ತಳ್ಳಾಡಿ ಶಂಕುವಿಗೆ ಬೀಳುತ್ತವೆ. 1950ರ ದಶಕದಲ್ಲಿ ಅಮೆರಿಕದಲ್ಲಿ ರಿಚರ್ಡ್ ಪೋಸ್ಟ್, ಸೋವಿಯತ್ ಒಕ್ಕೂಟದಲ್ಲಿ ಗೆರ್ಷ್ ಬುಡ್ಕರ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಸಮ್ಮಿಲನ ರಿಯಾಕ್ಟರಿಗೆ ಈ ಕನ್ನಡಿಯನ್ನು ಮುಂದಿಟ್ಟಾಗ, ತುದಿಯ ಈ ಸೋರಿಕೆ ಅವರಿಗೆ ಗೊತ್ತೇ ಇತ್ತು. ಅದಕ್ಕಿಂತ ಮೊದಲು ತೊಂದರೆ ಕೊಟ್ಟದ್ದು ಬೇರೆಯೇ. ಪ್ಲಾಸ್ಮಾ ತುದಿಯಿಂದ ಸೋರುವ ಮೊದಲೇ ಪಕ್ಕಕ್ಕೆ ನುಗ್ಗಿ ಗೋಡೆ ಮುಟ್ಟುತ್ತಿತ್ತು.

ಕಾರಣ ಹೆಜ್ಜೆ 1ರ ಆ ಮೈನಸ್ ಚಿಹ್ನೆಯಲ್ಲೇ ಇದೆ. `z² - (x² + y²)/2`. ತುದಿಯ ಕಡೆಗೆ ಹೋದರೆ ಕ್ಷೇತ್ರ ಏರುತ್ತದೆ, ಅಕ್ಷದಿಂದ ಪಕ್ಕಕ್ಕೆ ಹೋದರೆ ಇಳಿಯುತ್ತದೆ. ಕಣಗಳನ್ನು ಕ್ಷೇತ್ರ ಕಡಿಮೆ ಇರುವ ಕಡೆಗೆ ತಳ್ಳುವ ಬಲವನ್ನೇ ನಾವು ಇಷ್ಟು ಹೊತ್ತು ಬಳಸಿಕೊಂಡಿದ್ದೇವೆ. ಪಕ್ಕದಲ್ಲೂ ಅದು ಅದನ್ನೇ ಮಾಡುತ್ತದೆ. ಒಂಟಿ ಎಲೆಕ್ಟ್ರಾನ್ ಪಕ್ಕಕ್ಕೆ ತಳ್ಳಿಸಿಕೊಂಡರೂ ಹೊರಗೆ ಹೋಗದೆ ಅಕ್ಷದ ಸುತ್ತ ಜಾರುತ್ತದೆ ಅಷ್ಟೇ. ಆದರೆ ಎಲೆಕ್ಟ್ರಾನ್ ಒಂದು ದಿಕ್ಕಿಗೆ, ಅಯಾನು ಇನ್ನೊಂದು ದಿಕ್ಕಿಗೆ ಜಾರುತ್ತವೆ. ಪ್ಲಾಸ್ಮಾದ ಅಂಚಿನಲ್ಲಿ ಸಣ್ಣ ಉಬ್ಬು ಎದ್ದರೆ ಅದರ ಒಂದು ಮಗ್ಗುಲಿಗೆ ಪ್ಲಸ್, ಇನ್ನೊಂದು ಮಗ್ಗುಲಿಗೆ ಮೈನಸ್ ಸೇರಿಕೊಳ್ಳುತ್ತದೆ. ಅವುಗಳ ನಡುವೆ ಹುಟ್ಟುವ ವಿದ್ಯುತ್ ಕ್ಷೇತ್ರ ಉಬ್ಬನ್ನು ಇನ್ನೂ ಹೊರಗೆ ತಳ್ಳುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಇದು ಎಂದೂ ಕಾಣುವುದಿಲ್ಲ, ಅದರಲ್ಲಿರುವುದು ಒಂದೇ ಕಣ.

1961ರಲ್ಲಿ ಮಾಸ್ಕೋದ ಯೋಫೆ ಮತ್ತು ಅವರ ಜೊತೆಗಾರರು ಕೊಳವೆಯ ಸುತ್ತ ಅಕ್ಷಕ್ಕೆ ಸಮಾನಾಂತರವಾಗಿ ನೇರ ಸರಳುಗಳನ್ನು ಇಟ್ಟು, ಒಂದು ಬಿಟ್ಟು ಒಂದರಲ್ಲಿ ಎದುರು ದಿಕ್ಕಿಗೆ ಕರೆಂಟು ಹರಿಸಿ ತೋರಿಸಿದರು. ಹಾಗೆ ಮಾಡಿದರೆ ಪಕ್ಕಕ್ಕೆ ಹೋದರೂ ಕ್ಷೇತ್ರ ಏರುತ್ತದೆ, ಪ್ಲಾಸ್ಮಾ ಎಲ್ಲ ಕಡೆಯಿಂದಲೂ ಬಟ್ಟಲಿನ ತಳದಲ್ಲಿ ಕೂತಂತಾಗುತ್ತದೆ. ಅದನ್ನು ನಮ್ಮ ಕೋಡಿಗೆ ಸೇರಿಸುವುದು ಸುಲಭ. ನಾಲ್ಕು ಸರಳಿನ ಕ್ಷೇತ್ರ ಅಕ್ಷದ ಹತ್ತಿರ `Bx = G*x, By = -G*y` ಎಂದಿರುತ್ತದೆ. `B(p)` ಒಳಗೆ ಇದನ್ನು ಕೂಡಿಸಿ. `G` ಎಷ್ಟಿರಬೇಕು ಎಂದರೆ, `z = 0`ದಲ್ಲಿ ಒಟ್ಟು ಕ್ಷೇತ್ರದ ಅಳತೆ ಪಕ್ಕಕ್ಕೆ ಹೋದಂತೆ ಏರಬೇಕು. ಲೆಕ್ಕ ಹಾಕಿದರೆ `G` ಅನ್ನುವುದು `B0/L`ಗಿಂತ ಜಾಸ್ತಿ ಇರಬೇಕು, ನಮ್ಮ ಅಂಕಿಗಳಿಗೆ ಮೀಟರಿಗೆ 0.058 ಟೆಸ್ಲಾ.